ಏನನ್ನೂ ಕೇಳದ ಹಬ್ಬದ ಪತ್ರ

ದೀಪಾವಳಿ ಅಮಾವಾಸ್ಯೆಯ ಸಂಜೆ ಹುಬ್ಬಳ್ಳಿ, ದಾವಣಗೆರೆ ಕಡೆಯ ಅಂಗಡಿಗಳಲ್ಲಿ ಲಕ್ಷ್ಮೀಪೂಜೆ ನಡೆಯುತ್ತದೆ. ವರ್ಷವಿಡೀ ವ್ಯವಹಾರ ಮಾಡಿದವರನ್ನೆಲ್ಲ ಮಾಲೀಕರು ಪೂಜೆಗೆ ಕರೆಯುತ್ತಾರೆ. ಬಂದವರು ಆರತಿ ತೆಗೆದುಕೊಂಡು ಸ್ವಲ್ಪ ಹೊತ್ತು ಕೂರುತ್ತಾರೆ, ಪ್ರಸಾದ, ಎಲೆ ಅಡಿಕೆ ತೆಗೆದುಕೊಂಡು ಹೊರಡುತ್ತಾರೆ. ಬಾಕಿ ಎಷ್ಟಿದೆ ಎಂದು ಆ ಹೊತ್ತಿನಲ್ಲಿ ಮಾಲೀಕರು ಕೇಳುವುದಿಲ್ಲ, ಹೊಸ ಮಾಲು ಬಂದಿದೆ ನೋಡಿ ಎಂದು ಗಂಟು ಬಿಚ್ಚುವುದೂ ಇಲ್ಲ. ಅದಕ್ಕೆ ಬೇರೆ ದಿನಗಳಿವೆ ಎಂಬುದು ಇಬ್ಬರಿಗೂ ಗೊತ್ತು.

ಗ್ರಾಹಕರು ಊರಾಚೆ, ರಾಜ್ಯದಾಚೆ ಇರುವಾಗ ಈ ಕರೆಯ ಜಾಗಕ್ಕೆ ಇಮೇಲ್ ಬಂದಿದೆ. ಆದರೆ ಅಂಗಡಿಯಲ್ಲಿ ಪಾಲಿಸುತ್ತಿದ್ದ ಶಿಸ್ತು ಮೇಲ್‌ನಲ್ಲಿ ಸಡಿಲವಾಗಿದೆ. ಹಬ್ಬದ ಹಿಂದಿನ ವಾರ ಯಾವುದೇ ಕಂಪನಿಯ ಖರೀದಿ ವಿಭಾಗದವರ ಇನ್‌ಬಾಕ್ಸ್ ತೆರೆದು ನೋಡಿದರೆ ಇದು ತಿಳಿಯುತ್ತದೆ. ದೀಪದ ಚಿತ್ರ, ಅದರ ಕೆಳಗೆ ಕಂಪನಿಯ ಲೋಗೊ, ಅದರ ಕೆಳಗೆ ರಿಯಾಯಿತಿ, ಕೊನೆಯಲ್ಲಿ ಕ್ಯಾಟಲಾಗ್. ಓದುವವರು ತೆರೆಯದೆಯೇ ಅಳಿಸುತ್ತಾರೆ. ಹಾಗೆ ಅಳಿಸುವಾಗ ಅವರು ಹಬ್ಬದ ಹಾರೈಕೆಯನ್ನು ತಳ್ಳುತ್ತಿಲ್ಲ, ಹಾರೈಕೆಯ ಬೆನ್ನಿಗೆ ಬಂದ ಬೇಡಿಕೆಯನ್ನು ತಳ್ಳುತ್ತಿದ್ದಾರೆ.

ಅಮೆರಿಕದ ಮಾರುಕಟ್ಟೆ ಸಂಶೋಧಕರು ಒಡವೆ ಅಂಗಡಿಯೊಂದರಲ್ಲಿ ಇದನ್ನೇ ಪರೀಕ್ಷಿಸಿ 1976ರಲ್ಲಿ ‘ಜರ್ನಲ್ ಆಫ್ ಮಾರ್ಕೆಟಿಂಗ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಒಂದು ಗುಂಪಿನ ಗ್ರಾಹಕರಿಗೆ ಫೋನ್ ಮಾಡಿ ಧನ್ಯವಾದವಷ್ಟನ್ನೇ ಹೇಳಿದರು. ಇನ್ನೊಂದು ಗುಂಪಿಗೆ ಧನ್ಯವಾದದ ಜೊತೆಗೆ ರಿಯಾಯಿತಿ ಮಾರಾಟದ ಸುದ್ದಿಯನ್ನೂ ಹೇಳಿದರು. ಮೂರನೆಯ ಗುಂಪಿಗೆ ಫೋನನ್ನೇ ಮಾಡಲಿಲ್ಲ. ಮುಂದೆ ಅಂಗಡಿಗೆ ಹೆಚ್ಚು ವ್ಯಾಪಾರ ತಂದುಕೊಟ್ಟದ್ದು ಬರೀ ಧನ್ಯವಾದ ಕೇಳಿದ ಗುಂಪು. ರಿಯಾಯಿತಿಯ ಮಾತು ಕಿವಿಗೆ ಬಿದ್ದವರಲ್ಲಿ ಆ ಪರಿಣಾಮ ಕಡಿಮೆ ಇತ್ತು. ಧನ್ಯವಾದದ ಪಕ್ಕದಲ್ಲೇ ಕೊಡುಗೆ ಕೂತರೆ, ಫೋನ್ ಮಾಡಿದ ಕಾರಣ ಅದೇ ಎಂದು ಕೇಳಿದವರು ತಿಳಿಯುತ್ತಾರೆ. ಇಮೇಲ್‌ಗೂ ಇದೇ ಮಾತು ಅನ್ವಯಿಸುತ್ತದೆ.

ಹಾಗಾದರೆ ಒಳ್ಳೆಯ ಹಬ್ಬದ ಮೇಲ್ ಬರೆಯುವುದು ಹೇಗೆ? ಒಂದು ಉದಾಹರಣೆಯನ್ನೇ ಹಿಡಿದು ನೋಡೋಣ. ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಣ್ಣ ಜಾಬ್‌ವರ್ಕ್ ಘಟಕವಿದೆ ಎಂದಿಟ್ಟುಕೊಳ್ಳಿ. ಆರೇಳು ಸಿಎನ್‌ಸಿ ಮೆಷಿನ್, ಇಪ್ಪತ್ತು ಜನ ಕೆಲಸಗಾರರು, ಸುಮಾರು ನಲವತ್ತು ಗ್ರಾಹಕ ಕಂಪನಿಗಳು. ಒಬ್ಬರು ತುಮಕೂರಿನಲ್ಲಿ ಪಂಪ್ ಮಾಡುವವರು, ಒಬ್ಬರು ಪುಣೆಯಲ್ಲಿ ವಾಹನದ ಬಿಡಿಭಾಗ ಮಾಡುವವರು, ಒಬ್ಬರು ಕೋಲ್ಕತ್ತದವರು, ಇನ್ನೊಬ್ಬರು ಜರ್ಮನಿಯವರು. ಈ ಘಟಕದ ಮಾಲೀಕರು ಗ್ರಾಹಕರಿಗೆ ಹಬ್ಬದ ಶುಭಾಶಯ ಕಳಿಸಬೇಕು.

ಯಾವ ಹಬ್ಬಕ್ಕೆ?

ದೀಪಾವಳಿಗೆ ಎಲ್ಲರೂ ಕಳಿಸುತ್ತಾರೆ, ಆ ರಾಶಿಯಲ್ಲಿ ನಿಮ್ಮದೂ ಒಂದಾಗುತ್ತದೆ. ಮೆಷಿನ್ ಇಟ್ಟುಕೊಂಡು ದುಡಿಯುವವರಿಗೆ ಅದಕ್ಕಿಂತ ಹತ್ತಿರದ ಹಬ್ಬ ಆಯುಧಪೂಜೆ. ಅಂದು ಪೀಣ್ಯದ ಶೆಡ್ಡುಗಳಲ್ಲಿ ಮೆಷಿನ್‌ಗಳನ್ನು ತೊಳೆದು, ಅರಿಸಿನ ಕುಂಕುಮ ಇಟ್ಟು, ಹೂ ಏರಿಸಿ, ಬೂದುಗುಂಬಳ ಒಡೆದು, ಎಲ್ಲರಿಗೂ ಕಡಲೆಪುರಿ, ಸಿಹಿ ಹಂಚುತ್ತಾರೆ. ಗ್ರಾಹಕರ ಮಾಲು ತಯಾರಾಗುವುದು ಇದೇ ಮೆಷಿನ್‌ಗಳ ಮೇಲೆ. ಹಾಗಾಗಿ ಈ ಹಬ್ಬದಲ್ಲಿ ಅವರನ್ನು ನೆನೆಯುವುದು ಸಹಜವಾಗಿ ಬರುತ್ತದೆ, ಹುಡುಕಿ ಬರೆಯಬೇಕಾಗಿಲ್ಲ.

ಆದರೆ ಎಲ್ಲರಿಗೂ ಒಂದೇ ದಿನ, ಒಂದೇ ಹೆಸರು ಹೊಂದುವುದಿಲ್ಲ. ತಮಿಳುನಾಡಿನಲ್ಲಿಯೂ ಇದು ಆಯುಧಪೂಜೆಯೇ. ಮಹಾರಾಷ್ಟ್ರದಲ್ಲಿ ಖಂಡೇ ನವಮಿ ಎನ್ನುತ್ತಾರೆ. ಬಂಗಾಳದ ಕಾರ್ಖಾನೆಗಳಲ್ಲಿ ಯಂತ್ರಗಳ ಪೂಜೆ ಸಾಮಾನ್ಯವಾಗಿ ಸೆಪ್ಟೆಂಬರ್ 17ರ ಹೊತ್ತಿಗೆ ಬರುವ ವಿಶ್ವಕರ್ಮ ಪೂಜೆಯಂದೇ ಮುಗಿದಿರುತ್ತದೆ, ಮಹಾನವಮಿಯ ಹೊತ್ತಿಗೆ ಅವರು ದುರ್ಗಾಪೂಜೆಯ ಸಂಭ್ರಮದಲ್ಲಿರುತ್ತಾರೆ. ಕೋಲ್ಕತ್ತದವರಿಗೆ ಆ ವಾರ ದುರ್ಗಾಪೂಜೆಯ ಶುಭಾಶಯ ಹೇಳಬೇಕು, ಅದೂ ಷಷ್ಠಿಗೆ ಮುಂಚೆಯೇ, ಏಕೆಂದರೆ ಆಮೇಲೆ ಅಲ್ಲಿನ ಕಚೇರಿಗಳಲ್ಲಿ ಮೇಲ್ ಓದುವವರು ಇರುವುದಿಲ್ಲ. ಬೇರೆ ಧರ್ಮದ ಗ್ರಾಹಕರಿಗೆ ಬರೆಯುವಾಗ ‘ನಮ್ಮಲ್ಲಿ ಇಂಥ ಹಬ್ಬ, ಈ ಹೊತ್ತಿನಲ್ಲಿ ನಿಮ್ಮನ್ನು ನೆನೆದೆವು’ ಎಂದರೆ ಸಾಕು. ಅದು ಅವರ ಹಬ್ಬವೂ ಹೌದೆಂದು ನಾವೇ ತೀರ್ಮಾನಿಸಬಾರದು. ಅವರು ಈದ್ ಅಥವಾ ಕ್ರಿಸ್‌ಮಸ್ ಆಚರಿಸುತ್ತಾರೆಂದು ಅವರಿಂದಲೇ ತಿಳಿದಿದ್ದರೆ, ಮುಖ್ಯ ಪತ್ರವನ್ನು ಆ ದಿನಕ್ಕೆ ಇಟ್ಟುಕೊಳ್ಳುವುದು ಇನ್ನೂ ಚೆಂದ.

ದಿನಾಂಕವನ್ನೂ ಸ್ವಲ್ಪ ನೋಡಿಕೊಳ್ಳಬೇಕು. 2024ರಲ್ಲಿ ದೀಪಾವಳಿ ಅಕ್ಟೋಬರ್ 31ಕ್ಕೋ ನವೆಂಬರ್ 1ಕ್ಕೋ ಎಂದು ಊರೂರಿಗೂ ಭಿನ್ನಾಭಿಪ್ರಾಯವಿತ್ತು. ‘ಇಂದು’ ಎಂದು ಬರೆದ ಪತ್ರ ಅರ್ಧ ಜನಕ್ಕೆ ತಪ್ಪು ದಿನ ತಲುಪಿತು. ಹಬ್ಬಕ್ಕೆ ಎರಡು ಕೆಲಸದ ದಿನ ಮುಂಚೆ, ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ಕಳಿಸಿದರೆ ಓದುವವರು ಕುರ್ಚಿಯಲ್ಲಿರುತ್ತಾರೆ, ಉತ್ತರ ಬರೆಯಲೂ ಬಿಡುವಿರುತ್ತದೆ.

ಪಟ್ಟಿಯೇ ಅರ್ಧ ಕೆಲಸ

ವಿಸಿಟಿಂಗ್ ಕಾರ್ಡುಗಳ ಕಟ್ಟಿನಿಂದ ಪಟ್ಟಿ ಮಾಡಿದರೆ ಎಂದೋ ಮೇಳದಲ್ಲಿ ಕೈಕುಲುಕಿದವರೆಲ್ಲ ಅದರೊಳಗೆ ಸೇರುತ್ತಾರೆ. ಅವರಿಗೆ ಕಳಿಸಿದ್ದು ಶುಭಾಶಯ ಅನ್ನಿಸುವುದಿಲ್ಲ, ಪ್ರಚಾರ ಅನ್ನಿಸುತ್ತದೆ. ಪಟ್ಟಿ ಹೊರಡಬೇಕಾದದ್ದು ಲೆಕ್ಕದಿಂದ. ಕಳೆದ ಒಂದು ವರ್ಷದಲ್ಲಿ ಟ್ಯಾಲಿಯಲ್ಲಿ ಯಾರ ಹೆಸರಿಗೆ ಬಿಲ್ ಆಗಿದೆಯೋ ಆ ಕಂಪನಿಗಳು ಮೊದಲು. ಆಮೇಲೆ ಪ್ರತಿ ಕಂಪನಿಯಲ್ಲೂ ನಮ್ಮ ಕೆಲಸಕ್ಕೆ ಕೈ ಹಾಕಿದವರು ಯಾರು ಎಂದು ನೆನಪಿಸಿಕೊಳ್ಳಬೇಕು. ಖರೀದಿ ಅಧಿಕಾರಿಯ ಹೆಸರು ಎಲ್ಲರ ಪಟ್ಟಿಯಲ್ಲೂ ಇರುತ್ತದೆ. ಮಾಲನ್ನು ಅಳೆದು ನೋಡುವ ಇನ್‌ಸ್ಪೆಕ್ಷನ್‌ನವರು, ಚಲನ್‌ಗೆ ಸಹಿ ಹಾಕುವ ಸ್ಟೋರ್ಸ್‌ನವರು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ವರ್ಷದಲ್ಲಿ ಅವರಿಗೆ ಬರುವ ಹಬ್ಬದ ಪತ್ರ ನಿಮ್ಮದೊಂದೇ ಆಗಿರಬಹುದು.

ಈ ಹೆಸರುಗಳನ್ನು ಎಕ್ಸೆಲ್ ಹಾಳೆಯಲ್ಲಿ ಇಟ್ಟುಕೊಂಡು ಪಕ್ಕದಲ್ಲಿ ಕೆಲವು ಕಾಲಂ ಮಾಡಿಕೊಳ್ಳಿ. ಹೆಸರನ್ನು ಅವರೇ ಹೇಗೆ ಬರೆದುಕೊಳ್ಳುತ್ತಾರೆ, ಅವರನ್ನು ಸರ್ ಎನ್ನುತ್ತೇವೆಯೋ ಮೇಡಂ ಎನ್ನುತ್ತೇವೆಯೋ ಹೆಸರು ಹಿಡಿದೇ ಮಾತಾಡುತ್ತೇವೆಯೋ, ಊರು, ಭಾಷೆ, ನಮ್ಮ ಕಡೆಯಿಂದ ಸಹಿ ಮಾಡುವವರು ಯಾರು. ಕೊನೆಯ ಕಾಲಂ ಎಲ್ಲಕ್ಕಿಂತ ಮುಖ್ಯವಾದದ್ದು: ಈ ವರ್ಷ ಇವರೊಡನೆ ಆದ ಒಂದು ಸಂಗತಿ. ಅದನ್ನು ಮಾಲೀಕರು ಒಬ್ಬರೇ ಕೂತು ತುಂಬಲಾಗುವುದಿಲ್ಲ. ಶೆಡ್ಡಿನ ಸೂಪರ್‌ವೈಸರ್, ಡೆಸ್ಪ್ಯಾಚ್ ನೋಡುವವರು, ಲೆಕ್ಕ ಬರೆಯುವವರು, ಇವರನ್ನೆಲ್ಲ ಕೂರಿಸಿಕೊಂಡು ಒಂದೊಂದೇ ಹೆಸರು ಓದುತ್ತ ಹೋದರೆ ಒಂದು ಮಧ್ಯಾಹ್ನದಲ್ಲಿ ಕಾಲಂ ತುಂಬುತ್ತದೆ.

ಹೀಗೆ ಓದುವಾಗಲೇ ಕಳಿಸಬಾರದ ಹೆಸರುಗಳೂ ಗೊತ್ತಾಗುತ್ತವೆ. ಮನೆಯಲ್ಲಿ ಸಾವಾಗಿದ್ದರೆ ಎಷ್ಟೋ ಕುಟುಂಬಗಳು ಆ ವರ್ಷ ಹಬ್ಬ ಮಾಡುವುದಿಲ್ಲ. ಅಂಥವರಿಗೆ ಸಡಗರದ ಶುಭಾಶಯ ಹೋದರೆ ನಾವು ಅವರ ಬಗ್ಗೆ ಏನೂ ತಿಳಿದಿಲ್ಲ ಎಂದೇ ಅರ್ಥ. ಅವರಿಗೆ ಒಂದು ಫೋನ್ ಸಾಕು, ಅದರಲ್ಲಿ ಹಬ್ಬದ ಮಾತು ಬೇಡ. ಹಾಗೆಯೇ, ಈ ವಾರವಷ್ಟೇ ಯಾರದೋ ಮಾಲು ರಿಜೆಕ್ಟ್ ಆಗಿ ವಾಪಸ್ ಬಂದಿದ್ದರೆ, ಮೊದಲು ಅದಕ್ಕೆ ಉತ್ತರ ಹೋಗಬೇಕು. ತಪ್ಪಿಗೆ ಉತ್ತರ ಕೊಡದೆ ಶುಭಾಶಯ ಕಳಿಸಿದರೆ ಕೋಪ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಬಿಲ್ ಬಾಕಿ ಇರುವವರಿಗೆ ಪತ್ರ ಕಳಿಸಬಹುದು, ಆದರೆ ಹಳೆಯ ಬಾಕಿ ಮೇಲ್‌ಗೆ ರಿಪ್ಲೈ ಒತ್ತಿ ಶುಭಾಶಯ ಬರೆಯಬಾರದು. ಕೆಳಗೆ ಬಾಕಿಯ ಪಟ್ಟಿ ನೇತಾಡುತ್ತಿರುವ ಹಾರೈಕೆಯನ್ನು ಯಾರೂ ಹಾರೈಕೆ ಎಂದು ಓದುವುದಿಲ್ಲ. ಹೊಸ ಮೇಲ್ ತೆರೆದೇ ಬರೆಯಬೇಕು.

ಎರಡು ಪತ್ರಗಳು

ತುಮಕೂರಿನ ಪಂಪ್ ಕಂಪನಿಯ ಖರೀದಿ ಅಧಿಕಾರಿಗೆ ಪೀಣ್ಯದ ಘಟಕ ಬರೆಯುತ್ತಿದೆ. ಸಾಮಾನ್ಯವಾಗಿ ಹೋಗುವ ಪತ್ರ ಹೀಗಿರುತ್ತದೆ:

“ವಿಷಯ: ದಸರಾ ಶುಭಾಶಯ ಮತ್ತು ವಿಶೇಷ ಕೊಡುಗೆ. ಗೌರವಾನ್ವಿತ ಗ್ರಾಹಕರೇ, ಈ ಶುಭ ಸಂದರ್ಭದಲ್ಲಿ ತಮಗೂ ತಮ್ಮ ಕುಟುಂಬಕ್ಕೂ ಸಕಲ ಸನ್ಮಂಗಳ ಉಂಟಾಗಲಿ ಎಂದು ಹಾರೈಸುತ್ತೇವೆ. ನಮ್ಮಲ್ಲಿ ಹೊಸ ಮೆಷಿನ್ ಬಂದಿದ್ದು, ಈ ತಿಂಗಳೊಳಗೆ ಆರ್ಡರ್ ಕೊಟ್ಟವರಿಗೆ ಶೇ. 5ರಷ್ಟು ರಿಯಾಯಿತಿ ಇರುತ್ತದೆ. ತಮ್ಮ ಸಹಕಾರ ಹೀಗೆಯೇ ಮುಂದುವರಿಯಬೇಕಾಗಿ ಕೋರುತ್ತೇವೆ.”

ರಿಯಾಯಿತಿಯ ಸಾಲು ತಪ್ಪೆಂದು ಎಲ್ಲರಿಗೂ ಕಾಣುತ್ತದೆ. ಅದನ್ನು ತೆಗೆದು ಹಾಕಿದರೂ ಕೊನೆಯ ಸಾಲು ಉಳಿಯುತ್ತದೆ. ಸಹಕಾರ ಮುಂದುವರಿಯಲಿ ಎನ್ನುವುದೂ ಆರ್ಡರ್ ಕೇಳುವ ಇನ್ನೊಂದು ಬಗೆಯೇ. ಇನ್ನು ‘ಗೌರವಾನ್ವಿತ ಗ್ರಾಹಕರೇ’ ಎಂಬ ಸಂಬೋಧನೆ ನಲವತ್ತು ಜನರಿಗೂ ಹೊಂದುತ್ತದೆ, ಆದ್ದರಿಂದ ಅದು ಯಾರೊಬ್ಬರಿಗೂ ಬರೆದದ್ದಲ್ಲ.

ಅದೇ ಅಧಿಕಾರಿಗೆ ಇನ್ನೊಂದು ಪತ್ರ. ಸಂಬೋಧನೆಯಲ್ಲಿ ಅವರ ಹೆಸರಿರುತ್ತದೆ:

“ವಿಷಯ: ಪೀಣ್ಯದಿಂದ ಆಯುಧಪೂಜೆಯ ಶುಭಾಶಯ. ಮೇಡಂ, ನಮಸ್ಕಾರ. ನಾಳಿದ್ದು ನಮ್ಮ ಶೆಡ್ಡಿನಲ್ಲಿ ಆಯುಧಪೂಜೆ. ಮೆಷಿನ್‌ಗಳನ್ನು ತೊಳೆಯುವ ಕೆಲಸ ಇವತ್ತಿನಿಂದಲೇ ಶುರುವಾಗಿದೆ. ಜೂನ್‌ನಲ್ಲಿ ಪಂಪ್ ಹೌಸಿಂಗ್‌ನ ಬೋರ್ ಅಳತೆ ನಿಮ್ಮಲ್ಲೊಂದು, ನಮ್ಮಲ್ಲೊಂದು ಬರುತ್ತಿದ್ದಾಗ ನಿಮ್ಮ ಇನ್‌ಸ್ಪೆಕ್ಷನ್ ವಿಭಾಗದವರು ಇಲ್ಲಿಗೆ ಬಂದು, ನಮ್ಮ ಹುಡುಗರ ಜೊತೆ ನಿಂತು ಅಳೆದು ತೋರಿಸಿದರು. ಈಗಲೂ ಅವರು ತೋರಿಸಿದ ಹಾಗೆಯೇ ಅಳೆಯುತ್ತಿದ್ದೇವೆ. ನಿಮಗೂ ಮನೆಯವರಿಗೂ ನಿಮ್ಮ ವಿಭಾಗದ ಎಲ್ಲರಿಗೂ ಹಬ್ಬದ ಶುಭಾಶಯಗಳು.”

ಇಲ್ಲಿ ಹಾರೈಕೆ ಒಂದೇ ಸಾಲು. ಉಳಿದದ್ದು ಅವರಿಬ್ಬರ ನಡುವೆ ನಡೆದ ಕೆಲಸ. ಜೂನ್, ಹೌಸಿಂಗ್, ಬೋರ್ ಎಂಬ ವಿವರಗಳಿರುವುದರಿಂದ ಈ ಪತ್ರವನ್ನು ಬೇರೆ ಯಾರಿಗೂ ಕಳಿಸಲು ಬರುವುದಿಲ್ಲ. ತೊಂದರೆಯ ಪ್ರಸ್ತಾಪವಿದೆ ನಿಜ, ಆದರೆ ಅದು ಬಗೆಹರಿದ ತೊಂದರೆ, ಬಗೆಹರಿಸಿದ ಶ್ರೇಯ ಸಲ್ಲುವುದು ಅವರ ಕಡೆಯವರಿಗೆ. ಮುಖ್ಯವಾಗಿ, ಓದಿ ಮುಗಿಸಿದ ಮೇಲೆ ಅವರು ಮಾಡಬೇಕಾದದ್ದು ಏನೂ ಇಲ್ಲ. ಒತ್ತಬೇಕಾದ ಲಿಂಕ್ ಇಲ್ಲ, ತೆರೆಯಬೇಕಾದ ಕಡತ ಇಲ್ಲ, ಕೊಡಬೇಕಾದ ಉತ್ತರವೂ ಇಲ್ಲ.

ಆ ಒಂದು ಸಂಗತಿಯನ್ನು ಆರಿಸುವಾಗ ಒಂದು ಎಚ್ಚರ ಬೇಕು. ಕಚೇರಿಯ ಮೇಲ್ ಒಬ್ಬರ ಕೈಯಲ್ಲೇ ಉಳಿಯುವುದಿಲ್ಲ, ಮೇಲಧಿಕಾರಿಯೂ ನೋಡಬಹುದು, ಲೆಕ್ಕ ತನಿಖೆಯವರೂ ನೋಡಬಹುದು. ‘ನಮ್ಮ ಬಿಲ್ ಬೇಗ ಪಾಸ್ ಮಾಡಿಸಿಕೊಟ್ಟಿರಿ’, ‘ಆ ಆರ್ಡರ್ ನಮಗೇ ಬರುವಂತೆ ನೋಡಿಕೊಂಡಿರಿ’ ಎಂದು ಬರೆದರೆ ಬರೆದವರಿಗೆ ಅದು ಕೃತಜ್ಞತೆ, ಓದುವ ಮೂರನೆಯವರಿಗೆ ಪಕ್ಷಪಾತದ ಸಾಕ್ಷಿ. ಕೆಲಸದ ಗುಣಮಟ್ಟಕ್ಕೆ ಸಂಬಂಧಿಸಿದ್ದನ್ನು ಮಾತ್ರ ನೆನೆಯಬೇಕು, ಹಣಕ್ಕೂ ಆರ್ಡರ್‌ಗೂ ಸಂಬಂಧಿಸಿದ್ದನ್ನು ಬಿಡಬೇಕು.

ವಿಶೇಷ ಸಂಗತಿಯೇ ಇಲ್ಲದ ಗ್ರಾಹಕರೂ ಇರುತ್ತಾರೆ. ತಿಂಗಳಿಗೊಮ್ಮೆ ಆರ್ಡರ್, ತಿಂಗಳಿಗೊಮ್ಮೆ ಮಾಲು, ಒಂದು ದೂರೂ ಇಲ್ಲ. ಅದನ್ನೇ ಬರೆಯಬಹುದು: ‘ವರ್ಷವಿಡೀ ನಿಮ್ಮ ಡ್ರಾಯಿಂಗ್‌ಗಳು ಸ್ಪಷ್ಟವಾಗಿದ್ದವು, ನಮ್ಮವರು ಒಮ್ಮೆಯೂ ಫೋನ್ ಮಾಡಿ ಕೇಳಬೇಕಾಗಲಿಲ್ಲ.’ ಡ್ರಾಯಿಂಗ್ ಮಾಡಿದವರಿಗೆ ಇಂಥ ಮಾತು ಅಪರೂಪಕ್ಕೆ ಸಿಗುತ್ತದೆ. ಏನೂ ತೋಚದಿದ್ದರೆ ಎರಡು ಸಾಲಿನ ಶುಭಾಶಯ ಸಾಕು. ಇಲ್ಲದ ಆತ್ಮೀಯತೆಯನ್ನು ಕಟ್ಟಿ ಬರೆದರೆ ಅದು ಕಾಣುತ್ತದೆ.

ಮಾರಾಟ ನುಸುಳುವ ಜಾಗಗಳು

ಪತ್ರದ ಒಡಲಲ್ಲಿ ಕೊಡುಗೆ ಇಲ್ಲದಿದ್ದರೂ ಅಂಚಿನಿಂದ ಅದು ಒಳಗೆ ಬರುತ್ತದೆ. ಮೊದಲ ಜಾಗ ಸಹಿ. ಬಹಳ ಕಚೇರಿಗಳಲ್ಲಿ ಪ್ರತಿ ಮೇಲ್‌ನ ಕೆಳಗೂ ತಾನಾಗಿಯೇ ಒಂದು ಪಟ್ಟಿ ಕೂರುತ್ತದೆ: ನಮ್ಮ ಸೇವೆಗಳು, ಮುಂದಿನ ಯಂತ್ರಮೇಳದಲ್ಲಿ ನಮ್ಮ ಮಳಿಗೆಯ ಸಂಖ್ಯೆ, ನಮಗೆ ರೇಟಿಂಗ್ ಕೊಡಿ. ಈ ಪತ್ರಕ್ಕೆ ಅದನ್ನು ತೆಗೆದು ಹೆಸರು, ಕಂಪನಿ, ಫೋನ್ ನಂಬರ್ ಮಾತ್ರ ಉಳಿಸಬೇಕು. ರೇಟಿಂಗ್ ಕೇಳುವುದು ಮಾರಾಟವಲ್ಲ ಎಂದು ಅನ್ನಿಸಬಹುದು. ಆದರೆ ಜರ್ಮನಿಯ ಫೆಡರಲ್ ನ್ಯಾಯಾಲಯ 2018ರಲ್ಲಿ, ಬಿಲ್ ಕಳಿಸಿದ ಇಮೇಲ್‌ನಲ್ಲಿ ಗ್ರಾಹಕರ ಅಭಿಪ್ರಾಯ ಕೇಳಿದ್ದನ್ನೂ ಜಾಹೀರಾತು ಎಂದೇ ಪರಿಗಣಿಸಿತು. ಪೀಣ್ಯದ ಘಟಕ ತನ್ನ ಜರ್ಮನ್ ಗ್ರಾಹಕರಿಗೆ ಬರೆಯುವಾಗ ಇದು ನೆನಪಿರಬೇಕು.

ಎರಡನೆಯ ಜಾಗ ರಜೆಯ ಸೂಚನೆ. ಹಬ್ಬಕ್ಕೆ ಮೂರು ದಿನ ಶೆಡ್ ಮುಚ್ಚಿರುತ್ತದೆ, ಮಾಲು ಬೇಕಿದ್ದರೆ ಮೊದಲೇ ತಿಳಿಸಿ ಎನ್ನುವುದು ಗ್ರಾಹಕರಿಗೆ ಬೇಕಾದ ಮಾಹಿತಿಯೇ. ಆದರೆ ಅದು ಅವರಿಗೆ ಕೆಲಸ ಹಚ್ಚುವ ಮಾಹಿತಿ. ಅದನ್ನು ಹತ್ತು ದಿನ ಮುಂಚೆ ಬೇರೆ ಮೇಲ್‌ನಲ್ಲಿ ಕಳಿಸಬೇಕು. ಶುಭಾಶಯದೊಳಗೆ ಸೇರಿಸಿದರೆ ಎರಡೂ ಕೆಡುತ್ತವೆ: ಶುಭಾಶಯ ಎಂದುಕೊಂಡು ತೆರೆಯದವರಿಗೆ ರಜೆ ಗೊತ್ತಾಗುವುದಿಲ್ಲ, ತೆರೆದವರು ರಜೆಯ ದಿನಗಳನ್ನು ಗುರುತು ಹಾಕಿಕೊಂಡು ಶುಭಾಶಯವನ್ನು ಮರೆಯುತ್ತಾರೆ.

ಮೂರನೆಯದು ಚಿತ್ರ. ದೇವರ ಚಿತ್ರದ ಕೆಳಗೆ ಲೋಗೊ ಹಾಕಿದ ಶುಭಾಶಯ ಜಾಹೀರಾತಿನಂತೆಯೇ ಕಾಣುತ್ತದೆ. ಅದೂ ಅಲ್ಲದೆ, ಔಟ್‌ಲುಕ್‌ನಂಥ ಮೇಲ್ ತಂತ್ರಾಂಶಗಳು ಹೊರಗಿನಿಂದ ಎಳೆದು ತೋರಿಸುವ ಚಿತ್ರಗಳನ್ನು ಮೊದಲಿಗೆ ತಡೆದು, ಖಾಲಿ ಚೌಕವನ್ನು ಮಾತ್ರ ತೋರಿಸುತ್ತವೆ. ಎಲ್ಲವನ್ನೂ ಚಿತ್ರದಲ್ಲೇ ಬರೆದಿದ್ದರೆ ಓದುವವರಿಗೆ ಏನೂ ಕಾಣುವುದಿಲ್ಲ. ಆದ್ದರಿಂದ ಮಾತು ಅಕ್ಷರದಲ್ಲೇ ಇರಬೇಕು. ಹೂ ಏರಿಸಿದ ಮೆಷಿನ್‌ನ ಒಂದು ಫೋಟೊ ಜೊತೆಗಿಟ್ಟರೆ ಚೆಂದ. ಆದರೆ ಕಳಿಸುವ ಮುನ್ನ ಫೋಟೊದ ಹಿನ್ನೆಲೆಯನ್ನು ದೊಡ್ಡದು ಮಾಡಿ ನೋಡಿ. ಮೇಜಿನ ಮೇಲೆ ಬೇರೆ ಗ್ರಾಹಕರ ಬಿಡಿಭಾಗ, ಗೋಡೆಗೆ ಅಂಟಿಸಿದ ಡ್ರಾಯಿಂಗ್, ಬೋರ್ಡಿನ ಮೇಲೆ ಆರ್ಡರ್ ಸಂಖ್ಯೆ ಕಂಡರೆ ಅದು ಗೋಪ್ಯತೆಯ ಒಪ್ಪಂದ ಮುರಿದಂತೆ. ನೋಡಿದವರು ‘ನಮ್ಮ ಡ್ರಾಯಿಂಗ್ ಇನ್ಯಾರಿಗೆ ಹೋಗಿರಬಹುದು’ ಎಂದು ಯೋಚಿಸತೊಡಗುತ್ತಾರೆ.

ಕಳಿಸುವ ಹೊತ್ತು

ಎಲ್ಲ ವಿಳಾಸಗಳನ್ನೂ ಸಿಸಿಯಲ್ಲಿ ಹಾಕಿ ಒಮ್ಮೆಗೇ ಕಳಿಸುವುದು ಅತಿ ದುಬಾರಿಯ ತಪ್ಪು. ನಿಮ್ಮ ಇಡೀ ಗ್ರಾಹಕರ ಪಟ್ಟಿ ಪ್ರತಿಯೊಬ್ಬರಿಗೂ ಸಿಗುತ್ತದೆ, ಅವರಲ್ಲಿ ಪರಸ್ಪರ ಪೈಪೋಟಿಯವರೂ ಇರುತ್ತಾರೆ. ಆಮೇಲೆ ಒಬ್ಬರು ‘ರಿಪ್ಲೈ ಆಲ್’ ಒತ್ತಿದರೆ ದಿನವಿಡೀ ಎಲ್ಲರಿಗೂ ಕಿರಿಕಿರಿ. ಬಿಸಿಸಿಯಲ್ಲಿ ಹಾಕಿದರೆ ವಿಳಾಸ ಮರೆಯಾಗುತ್ತದೆ, ಆದರೆ ಅದರಲ್ಲಿ ಹೆಸರು ಹಿಡಿದು ಬರೆಯಲು ಬರುವುದಿಲ್ಲ. ನಲವತ್ತು ಪತ್ರಗಳಾದರೆ ಒಂದೊಂದಾಗಿ ಕಳಿಸುವುದೇ ಸರಿ. ಸಾಲುಗಳು ಎಕ್ಸೆಲ್‌ನಲ್ಲಿ ಸಿದ್ಧವಿದ್ದರೆ ಒಂದೆರಡು ಗಂಟೆಯ ಕೆಲಸ. ನೂರಾರು ಇದ್ದರೆ ವರ್ಡ್‌ನ ಮೇಲ್ ಮರ್ಜ್ ಬಳಸಬಹುದು. ಆಗ ಮೊದಲು ನಿಮ್ಮದೇ ಎರಡು ಮೂರು ವಿಳಾಸಗಳಿಗೆ ಕಳಿಸಿ, ಫೋನ್‌ನಲ್ಲೂ ಕಂಪ್ಯೂಟರ್‌ನಲ್ಲೂ ತೆರೆದು ನೋಡಬೇಕು. ಹೆಸರಿನ ಕಾಲಂ ಖಾಲಿ ಉಳಿದ ಕಡೆ ಸಂಬೋಧನೆಯಲ್ಲಿ ಹೆಸರೇ ಇಲ್ಲದೆ ಬರೀ ‘ಅವರಿಗೆ’ ಎಂದು ಹೋಗುತ್ತದೆ, ಒಂದು ಸಾಲು ಜರುಗಿದರೆ ಪುಣೆಯವರ ಸಂಗತಿ ತುಮಕೂರಿನವರಿಗೆ ತಲುಪುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಮೇಲ್‌ಗೆ ಅಂಟಿಸಿದರೆ ಆಚೆ ಕಡೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು ಕಾಣುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಎಲ್ಲ ಫೋನ್‌ಗಳಲ್ಲೂ ಸರಿಯಾಗಿ ಬರುತ್ತದೆ. ವರ್ಷವಿಡೀ ಇಂಗ್ಲಿಷಿನಲ್ಲಿ ಬಿಲ್, ಚಲನ್ ಕಳಿಸುವ ಘಟಕದಿಂದ ತುಮಕೂರಿಗೆ ಕನ್ನಡದಲ್ಲಿ ಬಂದ ನಾಲ್ಕು ಸಾಲು ತಾನಾಗಿಯೇ ಬೇರೆಯಾಗಿ ನಿಲ್ಲುತ್ತದೆ.

ಉತ್ತರ ಬಂದ ಮೇಲೆ

ಎಷ್ಟು ಜನ ಮೇಲ್ ತೆರೆದರು ಎಂದು ಎಣಿಸುವ ಉಪಕರಣಗಳಿವೆ. 2021ರಿಂದ ಆಪಲ್‌ನ ಮೇಲ್ ಆ್ಯಪ್ ತನ್ನ ಗೋಪ್ಯತೆ ರಕ್ಷಣೆಯಡಿ ಚಿತ್ರಗಳನ್ನು ಓದುವ ಮೊದಲೇ ಇಳಿಸಿಕೊಳ್ಳುತ್ತದೆ, ಆದ್ದರಿಂದ ಆ ಎಣಿಕೆಯೂ ಈಗ ನಂಬುವಂತಿಲ್ಲ. ನೋಡಬೇಕಾದದ್ದು ಉತ್ತರಗಳನ್ನು. ‘ನಿಮಗೂ ಶುಭಾಶಯ’ ಎಂದಷ್ಟೇ ಬಂದರೆ ಅದು ಮರ್ಯಾದೆಯ ಉತ್ತರ. ‘ನಮ್ಮ ಇನ್‌ಸ್ಪೆಕ್ಷನ್‌ನವರಿಗೆ ನಿಮ್ಮ ಪತ್ರ ತೋರಿಸಿದೆ, ಖುಷಿಪಟ್ಟರು, ಅವರು ಬರುವ ತಿಂಗಳು ನಿವೃತ್ತರಾಗುತ್ತಿದ್ದಾರೆ’ ಎಂದು ಬಂದರೆ ಪತ್ರ ತನ್ನ ಕೆಲಸ ಮಾಡಿದೆ. ಅದಕ್ಕೆ ಅದೇ ದಿನ ಎರಡು ಸಾಲು ಮರಳಿ ಬರೆಯಬೇಕು. ‘ವಿಳಾಸ ಸಿಗಲಿಲ್ಲ’ ಎಂದು ವಾಪಸ್ ಬಂದ ಮೇಲ್ ಕೂಡ ಸುದ್ದಿಯೇ: ಆ ಕುರ್ಚಿಯಲ್ಲಿ ಬೇರೆಯವರು ಬಂದಿದ್ದಾರೆ, ಫೋನ್ ಮಾಡಿ ಪರಿಚಯ ಮಾಡಿಕೊಳ್ಳಬೇಕು.

ಯಾರಾದರೂ ಉತ್ತರದಲ್ಲೇ ‘ಹೊಸ ಭಾಗವೊಂದಿದೆ, ರೇಟ್ ಹೇಳಿ’ ಎಂದು ಕೇಳಬಹುದು. ಆಗ ‘ಖಂಡಿತ, ಹಬ್ಬ ಮುಗಿದ ಮೊದಲ ಕೆಲಸದ ದಿನ ಕಳಿಸುತ್ತೇನೆ’ ಎಂದು ಹೇಳಿ, ಆ ದಿನ ಬೇರೆ ಮೇಲ್‌ನಲ್ಲಿ ಕಳಿಸಬೇಕು. ತುರ್ತಿದ್ದರೆ ಅಂದೇ ಕಳಿಸಿ, ಆದರೆ ಬೇರೆ ಮೇಲ್‌ನಲ್ಲೇ. ನಮ್ಮ ಕಡೆಯ ಪ್ರಚಾರದ ಮೇಲ್‌ಗಳು ಹಬ್ಬ ಕಳೆದು ಒಂದೆರಡು ವಾರ ಹೋಗಲಿ. ಮರುದಿನವೇ ಕ್ಯಾಟಲಾಗ್ ಬಂದರೆ ಶುಭಾಶಯ ಅದರ ಪೀಠಿಕೆಯಾಗಿತ್ತು ಎಂದು ಓದಿದವರಿಗೆ ಅನ್ನಿಸುತ್ತದೆ.

ಈ ಪತ್ರದಿಂದ ಆಗದ ಕೆಲಸವೂ ಇದೆ. ತಡವಾದ ಮಾಲನ್ನು ಅದು ಬೇಗ ತಲುಪಿಸುವುದಿಲ್ಲ, ಕೆಟ್ಟ ಅಳತೆಯನ್ನು ಸರಿ ಮಾಡುವುದಿಲ್ಲ. ವರ್ಷದ ಕೆಲಸ ಚೆನ್ನಾಗಿದ್ದರೆ ಮಾತ್ರ ನೆನೆಯಲು ಒಂದು ಸಂಗತಿ ಸಿಗುತ್ತದೆ. ಎಕ್ಸೆಲ್‌ನ ಕೊನೆಯ ಕಾಲಂನಲ್ಲಿ ಬಹಳ ಹೆಸರುಗಳ ಮುಂದೆ ಏನೂ ತುಂಬಲಾಗದೆ ಹೋದರೆ, ಆ ಗ್ರಾಹಕರೊಡನೆ ನಮ್ಮ ಮಾತುಕತೆ ಬಿಲ್ಲಿಗಷ್ಟೇ ನಿಂತಿದೆ ಎಂದು ಆ ಹಾಳೆಯೇ ಹೇಳುತ್ತದೆ. ಅದನ್ನು ಹಬ್ಬದ ಹಿಂದಿನ ದಿನ ತುಂಬಲು ಕೂರುವುದಕ್ಕಿಂತ, ವರ್ಷವಿಡೀ ಒಂದೊಂದು ಸಂಗತಿ ನಡೆದಾಗಲೇ ಒಂದು ಸಾಲು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಈ ಬಾರಿ ಬಂದ ಉತ್ತರಗಳಿಂದಲೇ ಅದನ್ನು ಶುರು ಮಾಡಬಹುದು: ನಿವೃತ್ತರಾಗುತ್ತಿರುವವರು ಯಾರು, ಅವರ ಜಾಗಕ್ಕೆ ಬರುವವರು ಯಾರು ಎಂಬುದೇ ಹೊಸ ಹಾಳೆಯ ಮೊದಲ ಸಾಲು.